ಅರ್ಧ ಅಲೆ ಎಂದರೆ ಅರ್ಧ ವೋಲ್ಟ್ ಅಲ್ಲ

ರೇಡಿಯೊ, ಚಾರ್ಜರ್ ರಿಪೇರಿ ಮಾಡುವವರ ಮೇಜಿನ ಮೇಲೆ ಸಾಲ್ಡರಿಂಗ್ ಐರನ್ ದಿನವಿಡೀ ಕಾದೇ ಇರುತ್ತದೆ. ಅದರ ಕೆಲಸ ಆಗೊಮ್ಮೆ ಈಗೊಮ್ಮೆ, ಆದರೆ ಕೈಗೆತ್ತಿಕೊಂಡಾಗ ಬಿಸಿಯಾಗಿಯೇ ಇರಬೇಕು. ಪ್ರತಿ ಸಲ ಆರಿಸಿದರೆ ಮತ್ತೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಹಾಗೇ ಬಿಟ್ಟರೆ ತುದಿ ಕಪ್ಪಾಗಿ ಸಾಲ್ಡರ್ ಹಿಡಿಯುವುದಿಲ್ಲ. ಇದಕ್ಕೆ ಅನುಭವಸ್ಥರು ಕಂಡುಕೊಂಡ ಹಳೆಯ ಉಪಾಯವೊಂದಿದೆ. ಐರನ್ನಿಗೆ ಹೋಗುವ ಒಂದು ವೈರಿನ ನಡುವೆ 1N4007 ಎಂಬ ಪುಟ್ಟ ಡಯೋಡ್ ಸೇರಿಸುತ್ತಾರೆ. ಡಯೋಡಿನ ಎರಡೂ ತುದಿಗಳಿಗೆ ಒಂದು ಸ್ವಿಚ್ ಜೋಡಿಸುತ್ತಾರೆ. ಸ್ವಿಚ್ ಹಾಕಿದರೆ ಕರೆಂಟ್ ಡಯೋಡನ್ನು ಬಿಟ್ಟು ನೇರವಾಗಿ ಹರಿಯುತ್ತದೆ, ಐರನ್ ಪೂರ್ತಿ ಕಾಯುತ್ತದೆ. ಸ್ವಿಚ್ ತೆಗೆದರೆ ಕರೆಂಟಿಗೆ ಡಯೋಡೇ ದಾರಿ.

ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ನಮ್ಮ ಮನೆಯ ವಿದ್ಯುತ್ ಸೆಕೆಂಡಿಗೆ 50 ಸಲ ಮೇಲೆದ್ದು ಕೆಳಗಿಳಿಯುವ ಅಲೆ. ಒಂದು ಪೂರ್ತಿ ಅಲೆಗೆ 20 ಮಿಲಿಸೆಕೆಂಡ್ ಬೇಕು. ಡಯೋಡ್ ಬಂದಮೇಲೆ ಮೊದಲ 10 ಮಿಲಿಸೆಕೆಂಡಿನ ಉಬ್ಬು ಮಾತ್ರ ಐರನ್ನಿಗೆ ಸಿಗುತ್ತದೆ, ಮುಂದಿನ 10 ಮಿಲಿಸೆಕೆಂಡ್ ಪೂರ್ತಿ ಖಾಲಿ.

ಈಗ ಐರನ್ನಿಗೆ ಸಿಗುತ್ತಿರುವುದು ಎಷ್ಟು ವೋಲ್ಟ್? ಮೊದಲಿಗೆ ಹೊಳೆಯುವ ಉತ್ತರ 115. ಅಲೆಯಲ್ಲಿ ಅರ್ಧ ಹೋಯಿತು, 230ರಲ್ಲೂ ಅರ್ಧ ಹೋಯಿತು ಎಂಬ ಲೆಕ್ಕ ಅದು. ಸರಿಯಾದ ಉತ್ತರ ಸುಮಾರು 163 ವೋಲ್ಟ್. ಈ 48 ವೋಲ್ಟಿನ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯಲು 230 ಎಂಬ ಸಂಖ್ಯೆಯೇ ಎಲ್ಲಿಂದ ಬಂತು ಎಂದು ನೋಡಬೇಕು.

ಮನೆಯ ಸಾಕೆಟ್‌ನಲ್ಲಿ ವೋಲ್ಟೇಜ್ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಸೊನ್ನೆಯಿಂದ 325ಕ್ಕೆ ಏರುತ್ತದೆ, ಸೊನ್ನೆಗೆ ಇಳಿಯುತ್ತದೆ, ಮೈನಸ್ 325ಕ್ಕೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಇಂಥ ಓಡಾಟಕ್ಕೆ ಒಂದೇ ಸಂಖ್ಯೆಯ ಹೆಸರು ಕೊಡುವುದು ಹೇಗೆ? ಸುಮ್ಮನೆ ಸರಾಸರಿ ತೆಗೆದರೆ ಪ್ಲಸ್ಸೂ ಮೈನಸ್ಸೂ ಹೊಡೆದುಹೋಗಿ ಸೊನ್ನೆ ಉಳಿಯುತ್ತದೆ. ಆದರೆ ಅದೇ ಸಾಕೆಟ್ಟಿಗೆ ಸಿಕ್ಕಿಸಿದ ಹೀಟರ್ ನೀರು ಕಾಯಿಸುತ್ತದೆ. ಹಾಗಾಗಿ ಅಳತೆಗೋಲಾಗಿ ಶಾಖವನ್ನೇ ಇಟ್ಟುಕೊಳ್ಳಲಾಯಿತು. ಇದೇ ಹೀಟರನ್ನು ಬ್ಯಾಟರಿಯ ನೇರ ವಿದ್ಯುತ್ತಿಗೆ ಜೋಡಿಸಿ ಇಷ್ಟೇ ಶಾಖ ಪಡೆಯಲು ಎಷ್ಟು ವೋಲ್ಟ್ ಬೇಕೋ, ಅದೇ ಈ ಅಲೆಯ ಆರ್‌ಎಂಎಸ್ ವೋಲ್ಟೇಜ್.

ಒಂದು ತಂತಿಯಲ್ಲಿ ಯಾವುದೇ ಕ್ಷಣ ಹುಟ್ಟುವ ಶಾಖ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ವರ್ಗ ಮಾಡಿದ ಕೂಡಲೇ ಮೈನಸ್ ಚಿಹ್ನೆಯೂ ಮಾಯವಾಗುತ್ತದೆ. ಆದ್ದರಿಂದ ಲೆಕ್ಕದ ಹೆಜ್ಜೆಗಳು ಮೂರು: ಪ್ರತಿ ಕ್ಷಣದ ವೋಲ್ಟೇಜನ್ನು ವರ್ಗ ಮಾಡು, ಒಂದು ಪೂರ್ತಿ ಸುತ್ತಿನ ಸರಾಸರಿ ತೆಗೆ, ಕೊನೆಗೆ ವರ್ಗಮೂಲ ಹುಡುಕು. ರೂಟ್ ಮೀನ್ ಸ್ಕ್ವೇರ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಈ ಹೆಜ್ಜೆಗಳು ತಲೆಕೆಳಗಾಗಿ ನಿಂತಿವೆ. ಕನ್ನಡದಲ್ಲಿ ‘ವರ್ಗದ ಸರಾಸರಿಯ ಮೂಲ’ ಎಂದರೆ ಮಾಡಬೇಕಾದ ಕ್ರಮವೇ ಹೆಸರಾಗುತ್ತದೆ.

ಇದನ್ನು ಕಾಗದದ ಮೇಲೆ ಮಾಡಿ ನೋಡಲು ಹೆಚ್ಚಿನ ಗಣಿತ ಬೇಕಿಲ್ಲ. ಅಲೆಯ ಗರಿಷ್ಠ ಎತ್ತರವನ್ನು 1 ಎಂದು ಇಟ್ಟುಕೊಂಡು, ಮೊದಲ ಉಬ್ಬಿನಲ್ಲಿ ಸಮ ಅಂತರದ ಆರು ಕ್ಷಣಗಳನ್ನು ಆರಿಸೋಣ. ಶಾಲೆಯ ಸೈನ್ ಕೋಷ್ಟಕದ ಭಾಷೆಯಲ್ಲಿ ಅವು 0, 30, 60, 90, 120, 150 ಡಿಗ್ರಿ. ಆ ಕ್ಷಣಗಳಲ್ಲಿ ಎತ್ತರ ಕ್ರಮವಾಗಿ 0, 0.5, 0.866, 1, 0.866, 0.5. ಇವುಗಳ ವರ್ಗ 0, 0.25, 0.75, 1, 0.75, 0.25. ಕೂಡಿದರೆ ಸರಿಯಾಗಿ 3. ಆರರಿಂದ ಭಾಗಿಸಿದರೆ ಸರಾಸರಿ ಅರ್ಧ. ಕೆಳಗಿನ ಉಬ್ಬಿನಲ್ಲೂ ವರ್ಗಗಳು ಇವೇ ಆದ್ದರಿಂದ ಪೂರ್ತಿ ಅಲೆಗೂ ಸರಾಸರಿ ಅರ್ಧವೇ. ಅರ್ಧದ ವರ್ಗಮೂಲ 0.707. ಗರಿಷ್ಠ 325ನ್ನು ಇದರಿಂದ ಗುಣಿಸಿದರೆ 230 ಬರುತ್ತದೆ. ಆರೇ ಕ್ಷಣ ಆರಿಸಿದರೂ ಉತ್ತರ ಅಂದಾಜಿನದಲ್ಲ. ಕ್ಯಾಲ್ಕ್ಯುಲಸ್ ಹಿಡಿದು ಮಾಡಿದರೂ ಸಿಗುವುದು ಇದೇ ಅರ್ಧ.

ಈಗ ಡಯೋಡ್ ಹಾಕೋಣ. ಮೇಲಿನ ಉಬ್ಬಿನ ಆರು ವರ್ಗಗಳು ಹಾಗೇ ಉಳಿದವು, ಕೂಡಿದರೆ 3. ಕೆಳಗಿನ ಉಬ್ಬಿನ ಆರೂ ಸೊನ್ನೆಯಾದವು. ಒಟ್ಟು ಮೊತ್ತ 3, ಭಾಗಿಸಬೇಕಾದದ್ದು ಮಾತ್ರ ಹನ್ನೆರಡರಿಂದ, ಏಕೆಂದರೆ ಖಾಲಿ ಇರುವ 10 ಮಿಲಿಸೆಕೆಂಡ್ ಕೂಡ ಸುತ್ತಿನ ಭಾಗವೇ. ಸರಾಸರಿ ಕಾಲು, ಅದರ ವರ್ಗಮೂಲ ಅರ್ಧ. ಎಂದರೆ ಆರ್‌ಎಂಎಸ್ ವೋಲ್ಟೇಜ್ ಗರಿಷ್ಠದ ಅರ್ಧ: 325ರ ಅರ್ಧ, ಸುಮಾರು 163. ಅರ್ಧವಾದದ್ದು ಶಾಖ, ವೋಲ್ಟೇಜ್ ಅಲ್ಲ. ಶಾಖ ಅರ್ಧವಾದಾಗ ವೋಲ್ಟೇಜ್ 230ರಿಂದ 0.707 ಪಟ್ಟಿಗೆ ಇಳಿಯುತ್ತದೆ. 115 ಎಂದವರು ಅರ್ಧ ಮಾಡಿದ್ದು ವರ್ಗಮೂಲ ತೆಗೆದ ಮೇಲೆ. ಮಾಡಬೇಕಾಗಿದ್ದದ್ದು ಅದಕ್ಕೂ ಮೊದಲು.

ಐರನ್ನಿನಿಂದಲೇ ಇದನ್ನು ತಾಳೆ ನೋಡಬಹುದು. 25 ವಾಟ್ ಐರನ್ನಿನ ಒಳತಂತಿಯ ರೋಧ 230ರ ವರ್ಗವನ್ನು 25ರಿಂದ ಭಾಗಿಸಿದಷ್ಟು, ಅಂದರೆ 2116 ಓಮ್. 163ರ ವರ್ಗವನ್ನು ಇದರಿಂದ ಭಾಗಿಸಿದರೆ ಹನ್ನೆರಡೂವರೆ ವಾಟ್ ಬರುತ್ತದೆ. ಅರ್ಧ ಹೊತ್ತು ಕಾಯುವ ಐರನ್ನಿಗೆ ಅರ್ಧ ಶಾಖ, ಲೆಕ್ಕ ಕೂಡಿತು. 115 ಹಾಕಿ ನೋಡಿದರೆ ಆರೂಕಾಲು ವಾಟ್ ಬರುತ್ತದೆ. ಅರ್ಧ ಹೊತ್ತು ಪೂರ್ತಿ ಬಿಸಿ ಕೊಟ್ಟರೂ ಕಾಲು ಭಾಗ ಶಾಖ ಮಾತ್ರ ಸಿಗುವುದು ಸಾಧ್ಯವಿಲ್ಲ.

ಕೂದಲು ಒಣಗಿಸುವ ಎಷ್ಟೋ ಡ್ರೈಯರ್‌ಗಳಲ್ಲಿ ‘ಲೋ’ ಎಂಬ ಗುಂಡಿ ಮಾಡುವುದೂ ಇದೇ ಕೆಲಸ, ಒಂದು ಡಯೋಡನ್ನು ದಾರಿಗೆ ತರುವುದು. ಆದರೆ ಈ ಉಪಾಯ ಎಲ್ಲೆಡೆ ಸಲ್ಲದು. ಹಳೆಯ ತಂತಿ ಬಲ್ಬಿನ ರೋಧ ತಂಪಾದಂತೆ ಕಡಿಮೆಯಾಗುವುದರಿಂದ, ಅಲ್ಲಿ ಡಯೋಡ್ ಹಾಕಿದರೆ ಬಳಕೆ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಸೀಲಿಂಗ್ ಫ್ಯಾನಿಗೋ ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಕ್ಕೋ ಡಯೋಡ್ ಹಾಕುವುದಂತೂ ಅಪಾಯ. ಒಂದೇ ದಿಕ್ಕಿನ ಕರೆಂಟಿಗೆ ಒಳಗಿನ ಕಬ್ಬಿಣದ ತಿರುಳು ಕಾಂತತೆಯಿಂದ ತುಂಬಿಹೋಗುತ್ತದೆ, ಸುರುಳಿ ಮಿತಿಮೀರಿ ಕರೆಂಟ್ ಎಳೆದು ಸುಟ್ಟುಹೋಗುತ್ತದೆ.

ಇದೇ ವ್ಯಾಖ್ಯೆಯನ್ನು ಚೌಕ ಅಲೆಗೆ ಹಚ್ಚಿದರೆ ಲೆಕ್ಕ ಇನ್ನೂ ಸುಲಭ. ಕರೆಂಟ್ ಹೋದಾಗ ಫ್ಯಾನು, ದೀಪ ನಡೆಸುವ ಕಡಿಮೆ ಬೆಲೆಯ ಇನ್ವರ್ಟರ್‌ಗಳು ನುಣುಪಾದ ಸೈನ್ ಅಲೆ ಕೊಡುವುದಿಲ್ಲ. ಅವುಗಳ ಅಲೆ ಮೆಟ್ಟಿಲಿನ ಹಾಗಿರುತ್ತದೆ. ಒಂದು ಮಾದರಿಯನ್ನು ಹೀಗೆ ಬರೆಯಬಹುದು: 5 ಮಿಲಿಸೆಕೆಂಡ್ ಪ್ಲಸ್ 325 ವೋಲ್ಟ್, 5 ಮಿಲಿಸೆಕೆಂಡ್ ಸೊನ್ನೆ, 5 ಮಿಲಿಸೆಕೆಂಡ್ ಮೈನಸ್ 325, ಮತ್ತೆ 5 ಮಿಲಿಸೆಕೆಂಡ್ ಸೊನ್ನೆ. ವರ್ಗ ಮಾಡಿದರೆ ಅರ್ಧ ಹೊತ್ತು 1,05,625, ಇನ್ನರ್ಧ ಹೊತ್ತು ಸೊನ್ನೆ. ಸರಾಸರಿ 52,812. ಮೂಲ ತೆಗೆದರೆ 230 ವೋಲ್ಟ್. ಹೀಟರ್ ಇದನ್ನೂ ಮನೆಯ ಕರೆಂಟನ್ನೂ ಬೇರೆ ಮಾಡಿ ನೋಡಲಾರದು. ನಡುವೆ ಸೊನ್ನೆಯೇ ಇಲ್ಲದ ಪೂರ್ತಿ ಚೌಕ ಅಲೆಯಾದರೆ ವರ್ಗ ಎಲ್ಲ ಹೊತ್ತೂ ಒಂದೇ ಆದ್ದರಿಂದ ಗರಿಷ್ಠವೂ ಆರ್‌ಎಂಎಸ್ಸೂ ಒಂದೇ ಸಂಖ್ಯೆ. 230 ಬೇಕಾದರೆ ಎತ್ತರ 230 ಇದ್ದರೆ ಸಾಕು.

ತೊಡಕು ಶುರುವಾಗುವುದು ಇಂಥ ಇನ್ವರ್ಟರಿಗೆ ಸಾಮಾನ್ಯ ಮಲ್ಟಿಮೀಟರ್ ಹಚ್ಚಿದಾಗ. ಮೀಟರಿನಲ್ಲಿ 230 ಕಾಣುವುದಿಲ್ಲ, 180ರ ಆಸುಪಾಸು ಕಾಣುತ್ತದೆ. ಇನ್ವರ್ಟರ್ ಸೋತಿದೆ ಎಂದುಕೊಂಡು ಒಳಗಿನ ಪ್ರಿಸೆಟ್ ತಿರುಗಿಸಿ ಮೀಟರಿನಲ್ಲಿ 230 ಬರುವವರೆಗೆ ಏರಿಸಿದರೆ, ನಿಜವಾದ ವೋಲ್ಟೇಜ್ 230ನ್ನು ಎಷ್ಟೋ ದಾಟಿ ಹೋಗಿರುತ್ತದೆ. ಬಲ್ಬು, ಚಾರ್ಜರ್‌ಗಳು ಇದರ ಬೆಲೆ ತೆರುತ್ತವೆ.

ಮೀಟರ್ ಕೆಟ್ಟಿಲ್ಲ. ಅಗ್ಗದ ಮೀಟರ್ ವರ್ಗ ಮಾಡುವ ಗೋಜಿಗೇ ಹೋಗುವುದಿಲ್ಲ. ಮೈನಸ್ ಭಾಗವನ್ನು ಮೇಲಕ್ಕೆ ಮಡಚಿ ಸುಮ್ಮನೆ ಸರಾಸರಿ ತೆಗೆಯುತ್ತದೆ, ಆಮೇಲೆ 1.11ರಿಂದ ಗುಣಿಸಿ ತೋರಿಸುತ್ತದೆ. ಈ 1.11 ಬಂದದ್ದು ಸೈನ್ ಅಲೆಯಿಂದ. 325 ಗರಿಷ್ಠದ ಸೈನ್ ಅಲೆಯನ್ನು ಮಡಚಿದರೆ ಸರಾಸರಿ 207, ಆರ್‌ಎಂಎಸ್ 230, ಎರಡರ ಅನುಪಾತ 1.11. ಮೆಟ್ಟಿಲು ಅಲೆಯ ಮಡಚಿದ ಸರಾಸರಿ 162.5. ಅದನ್ನು ಸೈನ್ ಅಲೆಯ 1.11ರಿಂದ ಗುಣಿಸಿದ್ದರಿಂದ 180 ಬಂತು. 230 ಎತ್ತರದ ಪೂರ್ತಿ ಚೌಕ ಅಲೆಗೆ ಇದೇ ಮೀಟರ್ 255 ತೋರಿಸುತ್ತದೆ. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಎರಡರಲ್ಲೂ ನಿಜವಾದ ಬೆಲೆ 230.

ಮುಖದ ಮೇಲೆ TRUE RMS ಎಂದು ಬರೆದಿರುವ ಮೀಟರ್ ವರ್ಗದ ಹಾದಿಯಲ್ಲೇ ಲೆಕ್ಕ ಹಾಕುವುದರಿಂದ ಇನ್ವರ್ಟರಿಗೆ ಸರಿಯಾಗಿ 230ನ್ನೇ ತೋರಿಸುತ್ತದೆ. ಆದರೆ ಅದೇ ಮೀಟರನ್ನು ತಂದು ಡಯೋಡ್ ಹಾಕಿದ ಐರನ್ನಿಗೆ ಹಿಡಿದರೆ ಇನ್ನೊಂದು ಅಚ್ಚರಿ ಕಾದಿರುತ್ತದೆ. 163 ಬರಬೇಕಾದಲ್ಲಿ ಬಹಳಷ್ಟು ಮೀಟರ್‌ಗಳು 125 ತೋರಿಸುತ್ತವೆ. ಒಂದೇ ಡಯೋಡ್ ಇಟ್ಟು ತಯಾರಿಸಿದ ತೀರಾ ಅಗ್ಗದ ಮೀಟರುಗಳಲ್ಲಂತೂ ಪ್ರೋಬ್ ಒಂದು ಕಡೆ ಹಿಡಿದರೆ 230, ಅದಲುಬದಲು ಮಾಡಿದರೆ ಸೊನ್ನೆ.

125ರ ಕಾರಣ ಮೀಟರಿನ ಬಾಗಿಲಲ್ಲೇ ಇದೆ. ಎಸಿ ವಿಭಾಗದಲ್ಲಿ ಒಳಬರುವ ದಾರಿಗೆ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇರುತ್ತದೆ. ಅದು ಅಲೆಯ ಏರಿಳಿತವನ್ನು ಒಳಗೆ ಬಿಟ್ಟು, ಸ್ಥಿರವಾಗಿ ನಿಂತ ಭಾಗವನ್ನು ಹೊರಗೇ ತಡೆಯುತ್ತದೆ. ಮೇಲಿನ ಉಬ್ಬು ಮಾತ್ರ ಇರುವ ಅಲೆಯಲ್ಲಿ ಹೊಡೆದುಹಾಕಲು ಕೆಳಗಿನ ಉಬ್ಬು ಇಲ್ಲದ್ದರಿಂದ ಸರಾಸರಿ ಸೊನ್ನೆಯಾಗುವುದಿಲ್ಲ. 325ನ್ನು ಪೈಯಿಂದ ಭಾಗಿಸಿದಷ್ಟು, ಸುಮಾರು 104 ವೋಲ್ಟ್ ಸ್ಥಿರವಾಗಿ ನಿಂತಿರುತ್ತದೆ. ಮೀಟರ್ ಲೆಕ್ಕಕ್ಕೆ ಹಿಡಿದದ್ದು ಉಳಿದ ಏರಿಳಿತವನ್ನು ಮಾತ್ರ.

ಕೆಲವು ಮೀಟರ್‌ಗಳಲ್ಲಿ AC+DC ಎಂಬ ಆಯ್ಕೆ ಇರುತ್ತದೆ, ಅದು ಎರಡನ್ನೂ ಸೇರಿಸಿ ತೋರಿಸುತ್ತದೆ. ಅದಿಲ್ಲದವರೂ ಉತ್ತರ ಪಡೆಯಬಹುದು. TRUE RMS ಮೀಟರನ್ನು ಮೊದಲು ಎಸಿಗೆ ತಿರುಗಿಸಿ ಓದಿದರೆ 125, ಅದೇ ಬಿಂದುಗಳಲ್ಲಿ ಡಿಸಿಗೆ ತಿರುಗಿಸಿ ಓದಿದರೆ 104. ಎರಡನ್ನೂ ನೇರವಾಗಿ ಕೂಡಬಾರದು. ಶಾಖ ವರ್ಗದ್ದಾದ್ದರಿಂದ ಕೂಡಬೇಕಾದದ್ದೂ ವರ್ಗಗಳನ್ನೇ. 125ರ ವರ್ಗ 15,625, 104ರ ವರ್ಗ 10,816. ಮೊತ್ತ 26,441. ಅದರ ವರ್ಗಮೂಲ ತೆಗೆದರೆ, ಆರು ಕ್ಷಣಗಳ ಲೆಕ್ಕದಲ್ಲಿ ಕಾಗದದ ಮೇಲೆ ಸಿಕ್ಕಿದ್ದ ಅದೇ 163 ವೋಲ್ಟ್ ಬರುತ್ತದೆ.