ಬರೀ ಅಂಕಿಗಳ ಸಂದೇಶ: ಒಟಿಪಿ ಅಥವಾ ಖಾತೆ ಸಂಖ್ಯೆ ಕಳುಹಿಸಿದವರಿಗೆ ಸದಸ್ಯರು ನೀಡಬೇಕಾದ ಉತ್ತರ

ಗ್ರಾಮ ಪಂಚಾಯಿತಿ ಸದಸ್ಯರ ವಾಟ್ಸ್‌ಆ್ಯಪ್‌ಗೆ ಪರಿಚಯವಿಲ್ಲದ ಸಂಖ್ಯೆಯಿಂದ ಮೊದಲ ಸಂದೇಶವಾಗಿ ಬರೀ ಅಂಕಿಗಳು ಬರುವುದುಂಟು. ನಮಸ್ಕಾರವಿಲ್ಲ, ಹೆಸರಿಲ್ಲ, ಕೆಲಸವೇನೆಂಬ ಸುಳಿವೂ ಇಲ್ಲ. ಆರು ಅಂಕಿಗಳಿದ್ದರೆ ಅದು ಬಹುತೇಕ ಒಟಿಪಿ. ಅದಕ್ಕಿಂತ ಉದ್ದವಿದ್ದರೆ ಬ್ಯಾಂಕ್ ಖಾತೆ ಸಂಖ್ಯೆಯೋ ಆಧಾರ್ ಸಂಖ್ಯೆಯೋ ಇರಬಹುದು. ಇಂತಹ ಸಂದೇಶವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅನೇಕ ವೇಳೆ ಅದು ಮಾತಿಲ್ಲದೆ ಕೇಳಿದ ಪ್ರಶ್ನೆಯಾಗಿರುತ್ತದೆ. ಆ ಪ್ರಶ್ನೆ ಯಾವುದೆಂದು ಬೇಗ ತಿಳಿದುಕೊಳ್ಳುವುದು ಸದಸ್ಯರ ಮೊದಲ ಕೆಲಸ.

ಅಂಕಿಗಳಷ್ಟೇ ಬರಲು ಕಾರಣ

ಒಟಿಪಿ ಹೊತ್ತು ಬರುವ ಎಸ್‌ಎಂಎಸ್‌ನಲ್ಲಿ ಸಂಖ್ಯೆಯ ಜೊತೆಗೆ ಅದು ಯಾವ ಕೆಲಸಕ್ಕೆ, ಎಷ್ಟು ಮೊತ್ತಕ್ಕೆ ಎಂಬ ವಿವರವೂ ಯಾರಿಗೂ ಹೇಳಬಾರದೆಂಬ ಎಚ್ಚರಿಕೆಯೂ ಸಾಮಾನ್ಯವಾಗಿ ಇರುತ್ತವೆ. ಇವು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಈಗಿನ ಅನೇಕ ಮೊಬೈಲುಗಳಲ್ಲಿ ಎಸ್‌ಎಂಎಸ್ ಬಂದೊಡನೆ ಪರದೆಯ ಮೇಲೆ ಸಂಖ್ಯೆಯನ್ನು ನಕಲಿಸುವ ಗುಂಡಿ ಕಾಣಿಸುತ್ತದೆ. ಅದನ್ನು ಒತ್ತಿದರೆ ಅಂಕಿಗಳು ಮಾತ್ರ ನಕಲಾಗುತ್ತವೆ. ಎಚ್ಚರಿಕೆಯ ವಾಕ್ಯ ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಕಳುಹಿಸಿದವರು ಎಚ್ಚರಿಕೆಯನ್ನು ಓದಿರುವುದಿಲ್ಲ, ಪಡೆದವರಿಗೆ ಅದು ಕಾಣುವುದಿಲ್ಲ.

ಒಂದು ನಿದರ್ಶನ

ಕಮಲಾಪುರ ತಾಲ್ಲೂಕಿನ ಒಂದು ಗ್ರಾಮದಲ್ಲಿ ಹೀಗಾಯಿತೆಂದು ಭಾವಿಸೋಣ. ಒಬ್ಬ ಮಹಿಳೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯ ಕಂತು ಬಂದಿಲ್ಲ. ಕಲಬುರಗಿಯ ಕಚೇರಿಯಿಂದ ಮಾತನಾಡುತ್ತಿರುವುದಾಗಿ ಹೇಳಿಕೊಂಡ ಒಬ್ಬ ವ್ಯಕ್ತಿ ಕರೆ ಮಾಡಿ, ಹಣ ಬಿಡುಗಡೆಯಾಗಬೇಕಾದರೆ ಮೊಬೈಲಿಗೆ ಬರುವ ಆರು ಅಂಕಿಗಳನ್ನು ಹೇಳಬೇಕೆನ್ನುತ್ತಾನೆ. ಆಕೆಗೆ ಇಂಗ್ಲಿಷ್ ಓದಲು ಬಾರದು. ಅನುಮಾನ ಬಂದು, ಆ ಅಂಕಿಗಳನ್ನು ತಮ್ಮ ವಾರ್ಡಿನ ಸದಸ್ಯರಿಗೆ ಕಳುಹಿಸುತ್ತಾರೆ. ಇದನ್ನು ಅವನಿಗೆ ಹೇಳಲೇ ಬೇಡವೇ ಎಂಬುದೇ ಆಕೆಯ ಪ್ರಶ್ನೆ.

ಸದಸ್ಯರು ಸಂಜೆ ನೋಡಿದರಾಯಿತೆಂದು ಬಿಟ್ಟರೆ ಕೆಲಸ ಕೆಟ್ಟಂತೆ. ಒಟಿಪಿಗೆ ಕೆಲವೇ ನಿಮಿಷಗಳ ಆಯುಷ್ಯ. ವಂಚಕನೂ ಅಷ್ಟರಲ್ಲಿಯೇ ಒತ್ತಾಯಿಸುತ್ತಾನೆ. ಆದ್ದರಿಂದ ಸದಸ್ಯರು ಸಂದೇಶ ಬರೆಯುತ್ತ ಕೂರದೆ ಕೂಡಲೇ ಕರೆ ಮಾಡಿ ಮೂರು ಪ್ರಶ್ನೆ ಕೇಳಬೇಕು. ಈ ಸಂಖ್ಯೆಯನ್ನು ನಿಮ್ಮಿಂದ ಯಾರಾದರೂ ಕೇಳಿದ್ದಾರೆಯೇ? ಅವರಿಗೆ ಈಗಾಗಲೇ ಹೇಳಿದ್ದೀರಾ? ಎಸ್‌ಎಂಎಸ್‌ನ ಮೇಲ್ಭಾಗದಲ್ಲಿ ಯಾರ ಹೆಸರಿದೆ? ಆಕೆಗೆ ಓದಲಾಗದಿದ್ದರೆ ಮನೆಯ ಮಗನೋ ಮಗಳೋ ಅದನ್ನು ಓದಿ ಹೇಳಬಹುದು. ಅಂಕಿಗಳನ್ನು ಮತ್ತೊಮ್ಮೆ ಓದಿಸುವ ಅಗತ್ಯವಿಲ್ಲ.

ಇಲ್ಲಿ ಆಕೆ ಇನ್ನೂ ಹೇಳಿಲ್ಲ. ಎಸ್‌ಎಂಎಸ್ ಬ್ಯಾಂಕಿನದು, ಅದರಲ್ಲಿ 9,500 ರೂಪಾಯಿ ಎಂಬ ಮೊತ್ತವಿದೆ. ಅಂದರೆ ಅದು ಹಣ ಬರುವ ಸಂಖ್ಯೆಯಲ್ಲ, ಹೋಗುವ ಸಂಖ್ಯೆ. ಸರ್ಕಾರದ ಹಣ ಖಾತೆಗೆ ಜಮೆಯಾಗಲು ಪಡೆಯುವವರ ಒಟಿಪಿ ಬೇಕಾಗುವುದಿಲ್ಲ. ಈ ಒಂದು ಮಾತನ್ನು ತಿಳಿಸಿದರೆ ಆಕೆ ಕರೆಯನ್ನು ಧೈರ್ಯವಾಗಿ ಕತ್ತರಿಸಬಲ್ಲರು. ಆದರೆ ಆ ಒಟಿಪಿ ಬರುವ ಹಂತದವರೆಗೆ ವಂಚಕನು ತಲುಪಿದ್ದಾನೆಂದರೆ, ಕಾರ್ಡಿನ ಅಥವಾ ಖಾತೆಯ ಬೇರೆ ವಿವರಗಳು ಅವನ ಕೈಯಲ್ಲಿರಬಹುದು. ಆದ್ದರಿಂದ ಅದೇ ದಿನ ಬ್ಯಾಂಕಿಗೆ ತಿಳಿಸಿ ಕಾರ್ಡ್ ಅಥವಾ ಪಾಸ್‌ವರ್ಡ್ ಬದಲಾಯಿಸಿಕೊಳ್ಳಬೇಕು.

ಈಗಾಗಲೇ ಹೇಳಿಬಿಟ್ಟಿದ್ದರೆ

ಹಣ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಿಸಬೇಕು. ಈ ಸಹಾಯವಾಣಿಯ ವ್ಯವಸ್ಥೆಯು ಬ್ಯಾಂಕುಗಳೊಂದಿಗೆ ಜೋಡಣೆಯಾಗಿದ್ದು, ವಂಚಕನು ಹಣವನ್ನು ಹಿಂಪಡೆಯುವ ಮೊದಲೇ ದೂರು ಬಂದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ಹಣ ಕೈದಾಟಿದ ಮೇಲೆ ಮರಳಿ ಪಡೆಯುವುದು ಕಷ್ಟ. ದೂರನ್ನು cybercrime.gov.in ಜಾಲತಾಣದಲ್ಲಿಯೂ ದಾಖಲಿಸಬಹುದು.

1930ಕ್ಕೆ ತಿಳಿಸಿದ ಮಾತ್ರಕ್ಕೆ ನಿಲ್ಲಬಾರದು. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಭಾರತೀಯ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಗುಪ್ತ ಸಂಖ್ಯೆಯನ್ನು ಹಂಚಿಕೊಂಡು ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದಾಗಿತ್ತು. ತಿಳಿಸಿದ ನಂತರವೂ ಹಣ ಹೋದರೆ ಆ ನಷ್ಟ ಬ್ಯಾಂಕಿನದಾಗಿತ್ತು.

ಮೃದುವಾಗಿ ಹೇಳಬೇಕಾದ ಕಾರಣವೂ ಇಲ್ಲಿಯೇ ಇದೆ. ಬೈಸಿಕೊಂಡವರು ಮುಂದಿನ ಸಲ ಯಾರಿಗೂ ಹೇಳದೆ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಪ್ರತಿ ಗಂಟೆಯ ನಷ್ಟವೂ ಆ ಕುಟುಂಬದ ಮೇಲೆಯೇ ಬೀಳಬಹುದು.

ಖಾತೆ ಸಂಖ್ಯೆ ಬಂದರೆ

ಖಾತೆ ಸಂಖ್ಯೆಯ ಮಾತು ಬೇರೆ. ಅದೊಂದರಿಂದಲೇ ಯಾರೂ ಹಣ ತೆಗೆಯಲಾರರು; ಅದು ಚೆಕ್ಕಿನ ಮೇಲೆಯೂ ಅಚ್ಚಾಗಿರುತ್ತದೆ. ಹಾಗಾಗಿ ಕಳುಹಿಸಿದವರನ್ನು ಗಾಬರಿಗೊಳಿಸಬಾರದು. ಆದರೆ ಖಾತೆ ಸಂಖ್ಯೆಯೂ ಹೆಸರೂ ಗೊತ್ತಿರುವ ವಂಚಕನು ಬ್ಯಾಂಕಿನವನಂತೆ ಮಾತನಾಡಿದರೆ ಜನ ಸುಲಭವಾಗಿ ನಂಬುತ್ತಾರೆ. ಅಪಾಯವಿರುವುದು ಅಲ್ಲಿ.

ಇದಲ್ಲದೆ, ಗೃಹಲಕ್ಷ್ಮಿಯ ಕಂತು ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಸದಸ್ಯರ ಮೊಬೈಲಿನಲ್ಲಿ ಖಾತೆ ಸಂಖ್ಯೆ ಇದ್ದರೂ ಕಂತು ಬೇಗ ಬರುವುದಿಲ್ಲ. ಫಲಾನುಭವಿಯು ಆಧಾರ್ ಕಾರ್ಡ್ ಮತ್ತು ಪಾಸ್‌ಬುಕ್ ಸಹಿತ ತಮ್ಮ ಬ್ಯಾಂಕ್ ಶಾಖೆಗೆ ಹೋಗಿ ಜೋಡಣೆಯನ್ನು ಪರಿಶೀಲಿಸಬೇಕು; ಅರ್ಜಿಯ ಸ್ಥಿತಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಸಂಖ್ಯೆ ಕಳುಹಿಸಬೇಡಿ ಎನ್ನುವುದರ ಜೊತೆಗೆ ಈ ದಾರಿಯನ್ನೂ ತೋರಿಸಿದರೆ ಮಾತ್ರ ಉತ್ತರ ಪೂರ್ಣವಾಗುತ್ತದೆ.

ಉತ್ತರಿಸುವ ರೀತಿ

ಸಂದೇಶವು ಗ್ರಾಮದ ಗುಂಪಿನಲ್ಲಿ ಬಂದಿದ್ದರೆ ಅದನ್ನೇ ಉಲ್ಲೇಖಿಸಿ ಉತ್ತರಿಸಬಾರದು. ಮೂಲ ಸಂದೇಶವನ್ನು ಅಳಿಸಿದರೂ ಉತ್ತರದೊಳಗೆ ಆ ಅಂಕಿಗಳು ಉಳಿಯುತ್ತವೆ. ಕಳುಹಿಸಿದವರು ‘ಎಲ್ಲರಿಗೂ ಅಳಿಸು’ ಎಂಬುದನ್ನು ಒತ್ತಬಹುದು, ಇಲ್ಲವೇ ಗುಂಪಿನ ಅಡ್ಮಿನ್ ಅಳಿಸಬಹುದು. ಪಾಸ್‌ಬುಕ್ಕಿನ ಚಿತ್ರವಾಗಿದ್ದರೆ ಸದಸ್ಯರ ಮೊಬೈಲಿನ ಗ್ಯಾಲರಿಯಲ್ಲಿಯೂ ಪ್ರತಿ ಉಳಿದಿರಬಹುದು, ಅದನ್ನೂ ತೆಗೆಯಬೇಕು. ಎಚ್ಚರಿಕೆಯ ಮಾತನ್ನು ಅವರೊಬ್ಬರಿಗೇ, ಅವರು ಆಡುವ ಮಾತಿನಲ್ಲಿಯೇ ಹೇಳಬೇಕು. ಉದಾಹರಣೆಗೆ:

“ನಮಸ್ಕಾರ್ರಿ ಅಕ್ಕಾ. ನೀವು ಕಳಿಸಿದ ನಂಬರ್ ನನ್ನ ಫೋನಿನ್ಯಾಗಿಂದ ಅಳಿಸೀನ್ರಿ. ನೀವೂ ಅಳಿಸಿಬಿಡ್ರಿ. ನನ್ನ ಕೇಳಿದ್ದು ಛಲೋ ಆತು. ಇಂಥಾ ನಂಬರ್ ನನಗೂ ಕಳಿಸಬ್ಯಾಡ್ರಿ, ಯಾರು ಕೇಳಿದರೂ ಹೇಳಬ್ಯಾಡ್ರಿ. ಏನು ಕೆಲಸ ಆಗಬೇಕು ಅನ್ನೋದಷ್ಟೇ ಹೇಳ್ರಿ.”

‘ನನಗೂ ಕಳಿಸಬ್ಯಾಡ್ರಿ’ ಎಂಬ ಮಾತನ್ನು ಬಿಡಬಾರದು. ಸದಸ್ಯರಿಗೆ ಹೇಳಬಹುದೆಂಬ ರೂಢಿ ಬಿದ್ದರೆ, ನಾಳೆ ಸದಸ್ಯರ ಹೆಸರು ಹೇಳಿಕೊಂಡು ಕರೆ ಮಾಡುವವನಿಗೂ ಅದೇ ಬಾಗಿಲು ತೆರೆದಿರುತ್ತದೆ.

ಒಟಿಪಿ ಹೇಳಲೇಬೇಕಾದ ಸಂದರ್ಭಗಳೂ ಇವೆ. ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವಾಗ ಆಧಾರ್ ದೃಢೀಕರಣಕ್ಕೆ ಅದನ್ನು ಕೇಳಬಹುದು. ಅರ್ಜಿದಾರರು ತಾವಾಗಿಯೇ ಹೋಗಿ, ಎದುರಿನಲ್ಲಿ ಕುಳಿತು, ಯಾವ ಅರ್ಜಿಗೆಂದು ತಿಳಿದು ಹೇಳುವ ಸಂಖ್ಯೆ ಅದು. ಹಾಗೆಯೇ 1930ಕ್ಕೆ ತಾವಾಗಿ ಕರೆ ಮಾಡಿದವರು ಹಣ ಹೋದ ಖಾತೆಯ ವಿವರವನ್ನು ತಿಳಿಸಬೇಕಾಗುತ್ತದೆ; ಆದರೆ ಅಲ್ಲಿಯೂ ಒಟಿಪಿ, ಪಿನ್ ಹೇಳುವ ಅಗತ್ಯವಿಲ್ಲ. ತಾವು ಆರಂಭಿಸಿದ ಕೆಲಸಕ್ಕೆ ಬಂದ ಸಂಖ್ಯೆಯೋ, ಬೇರೊಬ್ಬರು ಆರಂಭಿಸಿದ ಕೆಲಸಕ್ಕೆ ಬಂದ ಸಂಖ್ಯೆಯೋ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳುವಂತೆ ಸದಸ್ಯರು ತಮ್ಮ ವಾರ್ಡಿನ ಜನರಿಗೆ ತಿಳಿಸುವುದು.