ಒಂದು ದಿನದ ಹಳೆಯ ಅಂಕಿಗಳು: ಶಾಖಾ ವ್ಯವಸ್ಥಾಪಕರಿಗೆ ಬರೆದ ಪತ್ರ

ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರ ನಡೆಸುವ ನಮ್ಮ ಸಂಸ್ಥೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲಿದ್ದು, ದಾವಣಗೆರೆ, ಬೆಳಗಾವಿ ಮತ್ತು ಗದಗಗಳಲ್ಲಿ ಶಾಖೆಗಳಿವೆ. ಪ್ರತಿ ಶಾಖೆಯ ದಿನದ ವೋಚರುಗಳು ರಾತ್ರಿ 11 ಗಂಟೆಗೆ ಪ್ರಧಾನ ಕಚೇರಿಯ ಗಣಕಯಂತ್ರಕ್ಕೆ ಬಂದು ಸೇರುತ್ತವೆ. ಅಲ್ಲಿ ಎಲ್ಲ ಶಾಖೆಗಳ ದಾಸ್ತಾನು ಹಾಗೂ ಗ್ರಾಹಕರ ಬಾಕಿಯ ಲೆಕ್ಕ ಕಟ್ಟಲ್ಪಟ್ಟು, ಬೆಳಗಿನ 5 ಗಂಟೆಗೆ ಒಂದು ತಖ್ತೆಯ ರೂಪದಲ್ಲಿ ಶಾಖೆಗಳಿಗೆ ಮರಳಿ ಹೋಗುತ್ತದೆ. ಸಿಂಕ್ ಎಂದು ನಾವು ಕರೆಯುವುದು ಈ ಹೋಗಿಬರುವಿಕೆಯನ್ನೇ. ಒಂದು ಮಂಗಳವಾರ ರಾತ್ರಿ ಅದು ಅರ್ಧದಲ್ಲಿ ನಿಂತಿತು. ಬುಧವಾರವಿಡೀ ಶಾಖೆಗಳು ಸೋಮವಾರದ ಅಂಕಿಗಳನ್ನು ನಂಬಿ ವ್ಯಾಪಾರ ಮಾಡಿದವು.

ಮೊದಲಿಗೆ ನಾವು ಶಾಖೆಗಳಿಗೆ ಕಳುಹಿಸಿದ್ದು ಒಂದೇ ಸಾಲು: "ತಾಂತ್ರಿಕ ದೋಷದಿಂದ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ." ದಾವಣಗೆರೆ ಶಾಖೆಯ ವ್ಯವಸ್ಥಾಪಕರು ಕೂಡಲೇ ದೂರವಾಣಿ ಮಾಡಿ, "ಯಾವ ಅಂಕಿ ತಪ್ಪು, ಯಾವುದು ಸರಿ ಅಂತ ಹೇಳಿ ಸ್ವಾಮಿ, ವಿಷಾದ ಆಮೇಲಿರಲಿ" ಎಂದರು. ಅವರ ಮಾತು ನ್ಯಾಯವಾಗಿತ್ತು. ಅನಂತರ ಲೆಕ್ಕಪತ್ರ ವಿಭಾಗದಿಂದ ನಾನು ಬರೆದ ಪತ್ರವನ್ನು, ಇಂಥದೇ ವ್ಯವಸ್ಥೆ ಇರುವ ಇತರ ವರ್ತಕರಿಗೂ ಉಪಯೋಗವಾದೀತೆಂದು, ಇಲ್ಲಿ ಕೊಡುತ್ತಿದ್ದೇನೆ.

ಮಾನ್ಯರೇ,

ವಿಷಯ: ಬುಧವಾರದ ದಾಸ್ತಾನು ಮತ್ತು ಬಾಕಿ ತಖ್ತೆಯಲ್ಲಿನ ಹಳೆಯ ಅಂಕಿಗಳು

ಬುಧವಾರ ಬೆಳಿಗ್ಗೆ 5 ಗಂಟೆಯಿಂದ ಸಂಜೆ 6.40ರವರೆಗೆ ತಮ್ಮ ಶಾಖೆಯಲ್ಲಿ ಕಂಡ ತಖ್ತೆಯು ಸೋಮವಾರ ರಾತ್ರಿಯ ಲೆಕ್ಕವಾಗಿತ್ತು. ಅದರಲ್ಲಿನ ಎರಡು ಬಗೆಯ ಅಂಕಿಗಳು, ಎಂದರೆ ಎಲ್ಲ ಗೋದಾಮುಗಳ ದಾಸ್ತಾನು ಹಾಗೂ ಗ್ರಾಹಕರ ಬಾಕಿ, ನಂಬತಕ್ಕವಾಗಿರಲಿಲ್ಲ. ತಾವು ಹೊರಡಿಸಿದ ಬಿಲ್ಲುಗಳು, ಅವುಗಳ ಕ್ರಮಸಂಖ್ಯೆ, ಜಿಎಸ್‌ಟಿ ಮೊತ್ತ ಮತ್ತು ತಮ್ಮ ನಗದು ಪುಸ್ತಕ ಸರಿಯಾಗಿಯೇ ಇವೆ. ಅವು ತಮ್ಮ ಶಾಖೆಯ ಯಂತ್ರದಲ್ಲೇ ಹುಟ್ಟುವ ದಾಖಲೆಗಳಾದುದರಿಂದ ಸಿಂಕ್ ನಿಂತರೂ ಕೆಡುವುದಿಲ್ಲ. ಯಾವ ಬಿಲ್ಲನ್ನೂ ರದ್ದುಪಡಿಸುವ ಅಗತ್ಯವಿಲ್ಲ.

ತಾವು ಮರುಪರಿಶೀಲಿಸಬೇಕಾದವು ಎರಡು. ಮೊದಲನೆಯದು, ಗುತ್ತಿಗೆದಾರರೊಬ್ಬರಿಗೆ ತಾವು ಒಪ್ಪಿಕೊಂಡ 2.5 ಚದರ ಮಿ.ಮೀ. ತಂತಿಯ 40 ಕಾಯಿಲ್‌ಗಳು. ಹುಬ್ಬಳ್ಳಿ ಗೋದಾಮಿನಲ್ಲಿ 64 ಇವೆಯೆಂದು ತಖ್ತೆ ತೋರಿಸಿತ್ತು. ಆದರೆ ಮಂಗಳವಾರವೇ 42 ಕಾಯಿಲ್‌ಗಳು ಗದಗಕ್ಕೆ ಹೋಗಿ, ಉಳಿದದ್ದು 22. ಕೊರತೆಯಾಗುವ 18 ಕಾಯಿಲ್‌ಗಳನ್ನು ಬೆಳಗಾವಿಯಿಂದ ತರಿಸುತ್ತಿದ್ದೇವೆ. ಸಾಗಾಟದ ವೆಚ್ಚ ಪ್ರಧಾನ ಕಚೇರಿಯ ಖಾತೆಗೆ. ಎರಡನೆಯದು, ಸಾಲದ ಮಿತಿ 3,00,000 ರೂ. ಇರುವ ಗ್ರಾಹಕರಿಗೆ ತಾವು 60,000 ರೂ. ಸರಕನ್ನು ನಿರಾಕರಿಸಿದ್ದು. ತಖ್ತೆಯಲ್ಲಿ ಅವರ ಬಾಕಿ 2,85,000 ರೂ. ಎಂದಿತ್ತು. ಅವರು ಮಂಗಳವಾರ ಹುಬ್ಬಳ್ಳಿಯಲ್ಲಿ 1,10,000 ರೂ. ಪಾವತಿಸಿದ್ದರಿಂದ ನಿಜವಾದ ಬಾಕಿ 1,75,000 ರೂ. ಆಗಿತ್ತು. ತಾವು ನಿರಾಕರಿಸಿದ್ದು ತಮ್ಮ ತಪ್ಪಲ್ಲ. ಅವರಿಗೆ ನಾವೇ ದೂರವಾಣಿ ಮಾಡಿ ಕಾರಣ ತಿಳಿಸಿದ್ದೇವೆ.

ಕಾರಣ ಹೀಗಿದೆ. ಪ್ರಧಾನ ಕಚೇರಿಯ ಯಂತ್ರದ ಡಿಸ್ಕಿನಲ್ಲಿ ಹಳೆಯ ಬ್ಯಾಕಪ್ ಪ್ರತಿಗಳು ತುಂಬಿ ಜಾಗ ಮುಗಿದಿತ್ತು. ತಮ್ಮ ಶಾಖೆಯ ಮಂಗಳವಾರದ 118 ವೋಚರುಗಳ ಪೈಕಿ 71 ಬಂದು ಸೇರಿದ ಮೇಲೆ ಕೆಲಸ ನಿಂತಿತು. ಲೆಕ್ಕ ಕಟ್ಟುವ ಹಂತ ನಡೆಯಲೇ ಇಲ್ಲ. ಆದರೆ ಬೆಳಿಗ್ಗೆ 5ಕ್ಕೆ ತಖ್ತೆಯನ್ನು ಕಳುಹಿಸುವ ಕೆಲಸವು, ಹಿಂದಿನ ಹಂತ ಮುಗಿದಿದೆಯೇ ಎಂದು ಕೇಳುವುದಿಲ್ಲ. ಅದು ಇದ್ದ ಹಳೆಯ ತಖ್ತೆಯನ್ನೇ ಎತ್ತಿ ಕಳುಹಿಸಿತು. ತಖ್ತೆಯ ತಲೆಯಲ್ಲಿ ಅಚ್ಚಾಗುವ ದಿನಾಂಕ ಗಡಿಯಾರದ್ದು, ಲೆಕ್ಕದ್ದಲ್ಲ. ಆದ್ದರಿಂದ ಹಳೆಯ ಅಂಕಿಗಳ ಮೇಲೆ ಬುಧವಾರದ ದಿನಾಂಕ ಬಂದಿತು. ನಮ್ಮಲ್ಲಿಯೂ Task Scheduler ಪರದೆಯು 0x0, ಅಂದರೆ ಯಶಸ್ವಿ, ಎಂದೇ ತೋರಿಸುತ್ತಿತ್ತು. ಕೆಲಸದ ಕೊನೆಯ ಆದೇಶವು ಬೇರೊಂದು ಡಿಸ್ಕಿನ ದಿನಚರಿ ಕಡತಕ್ಕೆ "ಮುಗಿಯಿತು" ಎಂದು ಬರೆಯುವುದಾಗಿದ್ದು, ಆ ಕೊನೆಯ ಆದೇಶ ಸಫಲವಾದ್ದರಿಂದ ಇಡೀ ಕೆಲಸವೇ ಸಫಲವೆಂದು ದಾಖಲಾಗಿತ್ತು.

ಬುಧವಾರ ಮಧ್ಯಾಹ್ನ ತಿಳಿದೊಡನೆಯೇ ಮತ್ತೊಮ್ಮೆ ಕಳುಹಿಸದೆ ಸಂಜೆಯವರೆಗೆ ತಡಮಾಡಿದ್ದಕ್ಕೆ ಕಾರಣವಿದೆ. ಬಂದು ಸೇರಿದ್ದ 71 ವೋಚರುಗಳು ಎರಡನೆಯ ಬಾರಿ ಸೇರಿದರೆ ದಾಸ್ತಾನು ಎರಡು ಸಲ ಕಳೆದುಹೋಗುತ್ತದೆ. ಆ ತಪ್ಪು ಹಳೆಯ ಅಂಕಿಗಿಂತ ಕೆಟ್ಟದ್ದು. ಆದ್ದರಿಂದ ಅವುಗಳನ್ನು ತೆಗೆದುಹಾಕಿ, 118ನ್ನೂ ಹೊಸದಾಗಿ ಪಡೆದು, ಸಂಖ್ಯೆಯೂ ಮೊತ್ತವೂ ತಮ್ಮ ದಿನದ ಪುಸ್ತಕಕ್ಕೆ ತಾಳೆಯಾದ ಮೇಲೆ ತಖ್ತೆಯನ್ನು ಬಿಡುಗಡೆ ಮಾಡಲಾಯಿತು.

ಬರುವ ತಿಂಗಳ ಮೊದಲ ದಿನದಿಂದ ಈ ಬದಲಾವಣೆಗಳು ಜಾರಿಗೆ ಬರುತ್ತವೆ. ತಖ್ತೆಯ ತಲೆಯಲ್ಲಿ ಅಚ್ಚಾದ ದಿನಾಂಕದ ಬದಲು, ಲೆಕ್ಕಕ್ಕೆ ಸೇರಿದ ಕೊನೆಯ ವೋಚರಿನ ದಿನ ಮತ್ತು ಸಮಯ, ಶಾಖಾವಾರು, ಇರುತ್ತದೆ. ಪ್ರತಿ ಶಾಖೆಯ ವೋಚರುಗಳ ಸಂಖ್ಯೆ ಮತ್ತು ಮೊತ್ತ ತಾಳೆಯಾಗದಿದ್ದರೆ ಹೊಸ ತಖ್ತೆ ಹೊರಡುವುದಿಲ್ಲ. ಕೆಲಸ ಸರಿಯಾಗಿ ಮುಗಿದರೆ ಬೆಳಿಗ್ಗೆ 5.30ಕ್ಕೆ ನನಗೊಂದು ಸಂದೇಶ ಬರುತ್ತದೆ. 6 ಗಂಟೆಯೊಳಗೆ ಅದು ಬಾರದಿದ್ದರೆ ಕೆಟ್ಟಿದೆಯೆಂದೇ ತಿಳಿದು ನಾನು ತಮಗೆ ದೂರವಾಣಿ ಮಾಡುತ್ತೇನೆ. ಕೆಟ್ಟ ಯಂತ್ರವು ತಾನು ಕೆಟ್ಟಿದ್ದೇನೆಂದು ತಿಳಿಸುವುದೆಂದು ನಂಬಿ ಕೂರಲಾಗದು.

ಬದಲಾಗದಿರುವುದನ್ನೂ ತಿಳಿಸಬೇಕು. ಸಿಂಕ್ ದಿನಕ್ಕೊಮ್ಮೆಯೇ ನಡೆಯುತ್ತದೆ. ಎಲ್ಲವೂ ಸರಿಯಿದ್ದ ದಿನವೂ ಸಂಜೆಯ ಹೊತ್ತಿಗೆ ಬೇರೆ ಗೋದಾಮಿನ ಅಂಕಿ ಹಿಂದಿನ ರಾತ್ರಿಯದೇ. ದೊಡ್ಡ ಬೇಡಿಕೆಗೆ ಒಪ್ಪುವ ಮೊದಲು ಗೋದಾಮಿಗೆ ದೂರವಾಣಿ ಮಾಡುವ ರೂಢಿಯನ್ನು ಬಿಡಬಾರದಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ

ಪತ್ರ ಇಲ್ಲಿಗೆ ಮುಗಿಯಿತು. ವ್ಯವಸ್ಥಾಪಕರ ಉತ್ತರದಲ್ಲಿದ್ದ ಎರಡು ಆಕ್ಷೇಪಣೆಗಳಿಂದ ನಮ್ಮ ಯೋಜನೆಯೇ ತಿದ್ದುಪಡಿಯಾಯಿತು. ತಖ್ತೆಯ ಲೆಕ್ಕ 24 ಗಂಟೆಗಿಂತ ಹಳೆಯದಾದರೆ ಕೆಂಪಕ್ಷರದ ಎಚ್ಚರಿಕೆ ಬರಬೇಕೆಂದು ನಾವು ಆಲೋಚಿಸಿದ್ದೆವು. ಭಾನುವಾರ ಶಾಖೆಗಳಿಗೆ ರಜೆ. ಸೋಮವಾರ ಬೆಳಗಿನ ತಖ್ತೆಯ ಕೊನೆಯ ವೋಚರು ನ್ಯಾಯವಾಗಿಯೇ ಶನಿವಾರ ಸಂಜೆಯದು. ಪ್ರತಿ ಸೋಮವಾರವೂ ಕೆಂಪಕ್ಷರ ಕಂಡರೆ ನಾಲ್ಕು ವಾರಗಳಲ್ಲಿ ಯಾರೂ ಅದನ್ನು ನೋಡುವುದಿಲ್ಲವೆಂದು ಅವರು ಬರೆದರು. ಈಗ ಎಚ್ಚರಿಕೆಯು ಗಂಟೆಗಳ ಲೆಕ್ಕದಲ್ಲಿಲ್ಲ, ಕೊನೆಯ ಕೆಲಸದ ದಿನದ ಲೆಕ್ಕದಲ್ಲಿದೆ. ರಜೆಗಳ ಪಟ್ಟಿಯನ್ನು ವರ್ಷಾರಂಭದಲ್ಲೇ ಯಂತ್ರಕ್ಕೆ ಕೊಡುತ್ತೇವೆ.

ಎರಡನೆಯ ಪ್ರಶ್ನೆ: ತಾಳೆಯಾಗದ ದಿನ ಹೊಸ ತಖ್ತೆ ಇಲ್ಲದಿದ್ದರೆ ಬೆಳಗಿನ ವ್ಯಾಪಾರಕ್ಕೆ ಏನು ನೋಡುವುದು? ದಾಸ್ತಾನಿನ ಹಳೆಯ ಅಂಕಿಯನ್ನು "ಸೋಮವಾರ ರಾತ್ರಿಯದು" ಎಂಬ ಒಕ್ಕಣೆಯೊಡನೆ ತೋರಿಸುವುದೆಂದೂ, ಬಾಕಿಯ ಅಂಕಣವನ್ನು ಖಾಲಿ ಬಿಡುವುದೆಂದೂ ತೀರ್ಮಾನಿಸಿದೆವು. ಇಲ್ಲದ ಸರಕನ್ನು ಗೋದಾಮಿಗೆ ದೂರವಾಣಿ ಮಾಡಿ ತಿಳಿಯಬಹುದು. ಹಣ ಕಟ್ಟಿದ ಗ್ರಾಹಕನನ್ನು ಅಂಗಡಿಯ ಕಟ್ಟೆಯಲ್ಲಿ ಬಾಕಿದಾರನೆಂದು ಕರೆದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ಅವರು ಕಲಿಸಿದ ಒಂದು ಪರೀಕ್ಷೆಯನ್ನೂ ಹೇಳಬೇಕು. ಬುಧವಾರ ಮಧ್ಯಾಹ್ನ ದೋಷವನ್ನು ಮೊದಲು ಕಂಡುಹಿಡಿದವರು ಗಣಕಯಂತ್ರದವರಲ್ಲ, ಆ ಶಾಖೆಯ ಗುಮಾಸ್ತರು. ತಾವೇ ಮಂಗಳವಾರ ಮಾರಿದ ಹನ್ನೆರಡು ಸ್ವಿಚ್ ಪೆಟ್ಟಿಗೆಗಳು ತಮ್ಮ ಶಾಖೆಯ ದಾಸ್ತಾನಿನಿಂದ ಇಳಿದಿಲ್ಲವೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಈಗ ಮೂರೂ ಶಾಖೆಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದೊಡನೆ, ಹಿಂದಿನ ದಿನ ಹೆಚ್ಚು ಮಾರಾಟವಾದ ಒಂದು ಸರಕಿನ ಅಂಕಿಯನ್ನು ಬಿಲ್ಲು ಪುಸ್ತಕದೊಡನೆ ನೋಡಿ ಸಹಿ ಹಾಕುತ್ತಾರೆ. ಅದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ.