ಅದಿರು ಮಾರಿದ ಹಣ ಆದಾಯವೇ?

ಸರ್ಕಾರದ ಲೆಕ್ಕಪತ್ರಗಳಲ್ಲಿ ಪ್ರತಿ ಬಾಬ್ತಿಗೂ ನಾಲ್ಕಂಕಿಯ ಒಂದು ಶೀರ್ಷಿಕೆ ಇರುತ್ತದೆ. ಗಣಿಗಳಿಂದ ರಾಜ್ಯಕ್ಕೆ ಬರುವ ರಾಜಧನ, ಅಂದರೆ ರಾಯಲ್ಟಿ, ಜಮೆಯಾಗುವುದು 0853ನೇ ಶೀರ್ಷಿಕೆಗೆ. ಅದರ ಹೆಸರು ‘ಕಬ್ಬಿಣೇತರ ಗಣಿಗಾರಿಕೆ ಮತ್ತು ಲೋಹ ಕೈಗಾರಿಕೆಗಳು’. ಸಂಡೂರಿನ ಕಬ್ಬಿಣದ ಅದಿರಿನ ದುಡ್ಡೂ ಹೋಗಿ ಬೀಳುವುದು ಇದೇ ‘ಕಬ್ಬಿಣೇತರ’ ಖಾತೆಗೆ! ಹೆಸರಿನ ಈ ತಮಾಷೆ ಹಾಗಿರಲಿ, ಅಸಲಿ ಎಡವಟ್ಟು ಇರುವುದು ಆ ಸಂಖ್ಯೆಯ ಮೊದಲ ಸೊನ್ನೆಯಲ್ಲಿ. ಸೊನ್ನೆಯಿಂದ ಶುರುವಾಗುವ ಶೀರ್ಷಿಕೆಗಳು ‘ರಾಜಸ್ವ ಸ್ವೀಕೃತಿ’ಗೆ ಮೀಸಲು. ಜಿಎಸ್‌ಟಿ, ಅಬಕಾರಿ, ನೋಂದಣಿ ಶುಲ್ಕದಂತೆ ವರ್ಷ ವರ್ಷ ಬರುವ, ವರ್ಷ ವರ್ಷ ಖರ್ಚು ಮಾಡಬಹುದಾದ ಆದಾಯ ಎಂದರ್ಥ.

ಅದೇ ಸರ್ಕಾರ ತನ್ನ ಕಂಪನಿಯೊಂದರ ಷೇರು ಮಾರಿದರೆ ಆ ಹಣ ಈ ಸಾಲಿಗೆ ಸೇರುವುದಿಲ್ಲ. 4000ನೇ ಶೀರ್ಷಿಕೆಯಡಿ ಬಂಡವಾಳ ಸ್ವೀಕೃತಿಯಾಗುತ್ತದೆ. ಕಾರಣ ಸರಳ. ಆಸ್ತಿ ಮಾರಿದ್ದೀರಿ, ಕೈಗೆ ದುಡ್ಡು ಬಂದಷ್ಟೇ ಆಸ್ತಿ ಕೈಬಿಟ್ಟಿದೆ, ಇದು ದುಡಿಮೆಯಲ್ಲ. ಹಾಗಾದರೆ ನೆಲದಡಿಯ ಅದಿರನ್ನು ಅಗೆದು ಮಾರುವುದು ಇದಕ್ಕಿಂತ ಹೇಗೆ ಬೇರೆ? ಒಮ್ಮೆ ಲಾರಿ ಹತ್ತಿದ ಅದಿರು ಮತ್ತೆ ಬೆಳೆಯುವುದಿಲ್ಲ. ರಾಯಲ್ಟಿ ತೆರಿಗೆಯಲ್ಲ, ಖನಿಜದ ಹಕ್ಕನ್ನು ಅನುಭವಿಸಲು ಗುತ್ತಿಗೆದಾರ ಅದರ ಒಡೆಯನಿಗೆ ಕೊಡುವ ಪ್ರತಿಫಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು 8:1 ಬಹುಮತದಿಂದ ತೀರ್ಪಿತ್ತಿದೆ. ಲೆಕ್ಕದ ಪುಸ್ತಕ ಮಾತ್ರ ಅದನ್ನು ವರ್ಷದ ಗಳಿಕೆಯೆಂದೇ ಬರೆದುಕೊಳ್ಳುತ್ತಿದೆ.

ಅರ್ಥಶಾಸ್ತ್ರದಲ್ಲಿ ಎರಡು ಜಾತಿಯ ಅಳತೆಗಳಿವೆ. ಒಂದು ದಾಸ್ತಾನು: ಒಂದು ಗಳಿಗೆಯಲ್ಲಿ ಎಷ್ಟಿದೆ ಎಂಬ ಲೆಕ್ಕ. ಆಸ್ತಿ, ಸಾಲ, ಬ್ಯಾಂಕಿನ ಶಿಲ್ಕು, ಅದಿರಿನ ನಿಕ್ಷೇಪ ಇವೆಲ್ಲ ದಾಸ್ತಾನು. ಇನ್ನೊಂದು ಹರಿವು: ಇಷ್ಟು ಅವಧಿಯಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬುದು. ಸಂಬಳ, ಬಡ್ಡಿ, ರಾಷ್ಟ್ರದ ಒಟ್ಟು ಉತ್ಪನ್ನ, ಬಜೆಟ್ ಕೊರತೆ ಹರಿವುಗಳು. ಗುರುತಿಸುವ ಉಪಾಯ ಕಷ್ಟವಲ್ಲ. ಅಂಕಿಯ ಪಕ್ಕದಲ್ಲಿ ‘ತಿಂಗಳಿಗೆ’ ಅಥವಾ ‘ವರ್ಷಕ್ಕೆ’ ಎಂದು ಸೇರಿಸದೆ ಅರ್ಥವಾಗದಿದ್ದರೆ ಅದು ಹರಿವು. ‘ಇಂಥ ದಿನಕ್ಕೆ’ ಎಂದರೆ ಸಾಕಾದರೆ ದಾಸ್ತಾನು.

ಪತ್ರಿಕೆಗಳು ಇವೆರಡನ್ನು ಬೆರೆಸುವುದಕ್ಕೆ ಹೆಚ್ಚು ಹುಡುಕಬೇಕಿಲ್ಲ. 2022ರ ಜನವರಿಯಲ್ಲಿ ಆಪಲ್ ಕಂಪನಿಯ ಷೇರುಗಳ ಒಟ್ಟು ಮೌಲ್ಯ 3 ಲಕ್ಷ ಕೋಟಿ ಡಾಲರ್ ಮುಟ್ಟಿತು. ಇಂಥ ಮೈಲಿಗಲ್ಲು ಬಂದಾಗಲೆಲ್ಲ ‘ಕಂಪನಿ ಇಂತಿಂಥ ದೇಶಗಳಿಗಿಂತ ದೊಡ್ಡದು’ ಎಂಬ ತಲೆಬರಹ ತಪ್ಪುವುದಿಲ್ಲ. ಹೋಲಿಸುವುದು ಷೇರು ಮೌಲ್ಯವನ್ನು ದೇಶದ ಜಿಡಿಪಿಯ ಜೊತೆ. ಮೊದಲನೆಯದು ಮುಂದಿನ ಎಷ್ಟೋ ವರ್ಷಗಳ ಲಾಭವನ್ನು ನೆನೆದು ಮಾರುಕಟ್ಟೆ ಇವತ್ತು ಕಟ್ಟಿದ ಬೆಲೆ. ಎರಡನೆಯದು ಒಂದೇ ವರ್ಷದ ದುಡಿಮೆ. ಆ ಹಣಕಾಸು ವರ್ಷದಲ್ಲಿ ಆಪಲ್‌ನ ಮಾರಾಟ ಸುಮಾರು 39,400 ಕೋಟಿ ಡಾಲರ್. ಜಿಡಿಪಿಗೆ ಸರಿಸಮನಾದ ಲೆಕ್ಕ ಬೇಕೆಂದರೆ ಅದರಲ್ಲೂ ಬೇರೆಯವರಿಂದ ಕೊಂಡ ಬಿಡಿಭಾಗಗಳ ಬೆಲೆಯನ್ನು ಕಳೆಯಬೇಕು.

ಇದರಿಂದ ತಲೆಬರಹವೊಂದು ಕೆಟ್ಟಿತು, ಅಷ್ಟೆ. ಆಸ್ತಿಯನ್ನು ಆದಾಯವೆಂದು ಎಣಿಸಿದಾಗ ಕೆಡುವುದು ಬದುಕು.

ನಿವೃತ್ತರೊಬ್ಬರು 50 ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ ಎಫ್‌ಡಿ ಇಟ್ಟಿದ್ದಾರೆ ಎಂದುಕೊಳ್ಳಿ. ವರ್ಷಕ್ಕೆ ಮೂರೂವರೆ ಲಕ್ಷ ಬಡ್ಡಿ. ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ಸಂಸಾರ ನಡೆಸುತ್ತಿದ್ದೇನೆ ಎಂಬ ನೆಮ್ಮದಿ ಅವರದು. ಆದರೆ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತಿದ್ದರೆ ಹತ್ತು ವರ್ಷದ ಮೇಲೆ ಆ 50 ಲಕ್ಷಕ್ಕೆ ಸಿಗುವುದು ಇವತ್ತಿನ ಸುಮಾರು 31 ಲಕ್ಷದ ಸಾಮಾನು. ಅಸಲಿನ ಕಸುವು ಉಳಿಯಬೇಕಾದರೆ ಮೊದಲ ವರ್ಷದ ಬಡ್ಡಿಯಲ್ಲೇ ಎರಡೂವರೆ ಲಕ್ಷವನ್ನು ಮತ್ತೆ ಅಸಲಿಗೆ ಸೇರಿಸಬೇಕು. ಉಳಿಯುವ ಒಂದು ಲಕ್ಷವೇ ಅವರ ನಿಜವಾದ ಆದಾಯ. ಆದಾಯ ತೆರಿಗೆ ಇಲಾಖೆ ಮಾತ್ರ ಮೂರೂವರೆ ಲಕ್ಷವನ್ನೂ ಆದಾಯವೆಂದೇ ಎಣಿಸುತ್ತದೆ. ಅದು ಬೇರೆ ಜಗಳ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ 1939ರ ತಮ್ಮ ಪುಸ್ತಕದಲ್ಲಿ ಕೊಟ್ಟ ವ್ಯಾಖ್ಯೆಯ ತಿರುಳು ಇದೇ. ಅವಧಿಯ ಕೊನೆಗೂ ಮೊದಲಿದ್ದಷ್ಟೇ ಸ್ಥಿತಿವಂತನಾಗಿ ಉಳಿದು, ನಡುವೆ ಎಷ್ಟು ಖರ್ಚು ಮಾಡಬಹುದೋ ಅಷ್ಟು ಮಾತ್ರ ಆದಾಯ. ಅಂದರೆ ದಾಸ್ತಾನಿನ ಲೆಕ್ಕ ಇಡದವನಿಗೆ ತನ್ನ ಆದಾಯ ಎಷ್ಟೆಂದು ಹೇಳಲು ಬರುವುದಿಲ್ಲ. ಕೈಗೆ ಬಂದದ್ದೆಲ್ಲ ಆದಾಯವಲ್ಲ, ಅದರಲ್ಲೊಂದು ಪಾಲು ಅಸಲು ಕರಗಿ ಬಂದದ್ದಿರಬಹುದು.

ಈಗ ಗಣಿಗೆ ಬರೋಣ. ಗಣಿಯ ಹಣದಲ್ಲಿ ಈ ಎರಡು ಪಾಲುಗಳನ್ನು ಬೇರ್ಪಡಿಸುವ ದಾರಿಯೊಂದನ್ನು ವಿಶ್ವಬ್ಯಾಂಕಿನಲ್ಲಿದ್ದ ಸಲಾಹ್ ಎಲ್ ಸೆರಾಫಿ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅದರ ಸರಳ ರೂಪ ಹೀಗಿದೆ. ಒಂದು ಗಣಿಯಿಂದ ಅದರ ಒಡೆಯನಾದ ಸರ್ಕಾರಕ್ಕೆ ವರ್ಷಕ್ಕೆ 100 ಕೋಟಿ ಬರುತ್ತಿದೆ, ಅದಿರು ಇನ್ನು 20 ವರ್ಷಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಪೂರ್ತಿ ಖರ್ಚು ಮಾಡಿದರೆ 20 ವರ್ಷ ನೂರು, ಇಪ್ಪತ್ತೊಂದನೇ ವರ್ಷ ಸೊನ್ನೆ. ಬದಲಿಗೆ ಪ್ರತಿ ವರ್ಷ ಒಂದಷ್ಟನ್ನು ನಿಧಿಗೆ ಹಾಕುತ್ತಾ ಹೋಗಿ, ಗಣಿ ಮುಚ್ಚಿದ ಮೇಲೂ ಬರೀ ಬಡ್ಡಿಯಿಂದ ಅಷ್ಟೇ ಖರ್ಚನ್ನು ನಡೆಸಿಕೊಂಡು ಹೋಗಬೇಕೆಂದರೆ ಎಷ್ಟು ಎತ್ತಿಡಬೇಕು? ಬೆಲೆಯೇರಿಕೆ ಕಳೆದು ಶೇ 4ರ ಗಳಿಕೆ ಇದೆ ಎಂದಾದರೆ, ವರ್ಷಕ್ಕೆ ಸುಮಾರು 46 ಕೋಟಿ. 20 ವರ್ಷಕ್ಕೆ ಅದು ಚಕ್ರಬಡ್ಡಿ ಸೇರಿ ಸುಮಾರು 1,360 ಕೋಟಿಯ ನಿಧಿಯಾಗುತ್ತದೆ. ಅದರ ಮೇಲೆ ಶೇ 4 ಎಂದರೆ 54 ಕೋಟಿ. ಗಣಿ ಇದ್ದಾಗಲೂ ಖರ್ಚಿಗೆ ಸಿಗುತ್ತಿದ್ದುದು 54, ಮುಚ್ಚಿದ ಮೇಲೂ 54.

ಆ ನೂರರಲ್ಲಿ 54 ಆದಾಯ, 46 ಆಸ್ತಿ ಮಾರಿದ ದುಡ್ಡು. ಈ ಪಾಲು ಸ್ಥಿರವಲ್ಲ. ಅದಿರು ಹತ್ತೇ ವರ್ಷಕ್ಕಿದ್ದರೆ 68 ಕೋಟಿಯನ್ನು ಎತ್ತಿಡಬೇಕಾಗುತ್ತದೆ. 50 ವರ್ಷಕ್ಕಿದ್ದರೆ 14 ಸಾಕು. ಬಡ್ಡಿ ದರವೂ ಲೆಕ್ಕವನ್ನು ತಿರುಗಿಸುತ್ತದೆ. ಮೇಲಿನ ಎಫ್‌ಡಿಯಂತೆ ನಿಜವಾದ ಗಳಿಕೆ ಶೇ 2 ಮಾತ್ರವಾದರೆ, 20 ವರ್ಷದ ಗಣಿಗೂ 67 ಕೋಟಿ ಬೇಕು.

ಪೂರ್ತಿ ನೂರನ್ನೂ ರಾಜಸ್ವವೆಂದು ಬರೆದುಕೊಂಡಾಗ ಆಗುವ ಅನಾಹುತ ಬಜೆಟ್ಟಿನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ರಾಜಸ್ವ ಕೊರತೆ ಎಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ನಿತ್ಯದ ಖರ್ಚು ರಾಜಸ್ವ ಆದಾಯವನ್ನು ಮೀರುವ ಮೊತ್ತ. ನಮ್ಮ ಉದಾಹರಣೆಯ ಸರ್ಕಾರ ನೂರು ಕೋಟಿಯನ್ನೂ ಸಂಬಳಕ್ಕೆ ಹಾಕಿ ‘ಕೊರತೆ ಸೊನ್ನೆ’ ಎಂದು ತೋರಿಸಬಹುದು. ಅಸಲಿಗೆ ಅದು ವರ್ಷಕ್ಕೆ 46 ಕೋಟಿಯಷ್ಟು ಮನೆಯ ತೊಲೆ ಕಿತ್ತು ಒಲೆಗೆ ಹಾಕುತ್ತಿದೆ. ಅದಿರಿನ ಬೆಲೆ ಏರಿ ರಾಯಲ್ಟಿ ಹೆಚ್ಚು ಬಂದ ವರ್ಷ ಹಣಕಾಸು ಸ್ಥಿತಿ ಸುಧಾರಿಸಿದೆ ಎಂದು ಬೆನ್ನು ತಟ್ಟಿಕೊಳ್ಳುವುದೂ ಉಂಟು. ಜಿಡಿಪಿಯ ಲೆಕ್ಕದಲ್ಲೂ ಇದೇ ಕುರುಡು. ಅಗೆದ ಅದಿರು ಉತ್ಪನ್ನವೆಂದು ಸೇರುತ್ತದೆ, ಬರಿದಾದ ನೆಲವನ್ನು ಯಾರೂ ಕಳೆಯುವುದಿಲ್ಲ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕ ಪದ್ಧತಿಯ 2025ರ ಆವೃತ್ತಿ ಈ ಸವೆತವನ್ನು ಉತ್ಪಾದನೆಯ ವೆಚ್ಚವಾಗಿ ಪರಿಗಣಿಸಿ ನಿವ್ವಳ ಉತ್ಪನ್ನದಿಂದ ಕಳೆಯಬೇಕೆಂದು ಹೇಳಿದೆ. ಜಿಡಿಪಿ ಒಟ್ಟು ಉತ್ಪನ್ನವಾದ್ದರಿಂದ ಅದರ ಅಂಕಿ ಇದರಿಂದ ಬದಲಾಗುವುದಿಲ್ಲ.

ಪೂರ್ತಿ ತಿಂದವರ ಕಥೆಗೆ ಪೆಸಿಫಿಕ್ ಸಾಗರದ ನೌರು ದ್ವೀಪ ಸಾಕ್ಷಿ. ಬರೀ 21 ಚದರ ಕಿಲೋಮೀಟರಿನ ಆ ದೇಶ 1968ರಲ್ಲಿ ಸ್ವತಂತ್ರವಾಗಿ, ಫಾಸ್ಫೇಟ್ ಗಣಿಯನ್ನು ವಶಕ್ಕೆ ತೆಗೆದುಕೊಂಡು, ತಲಾ ಆದಾಯದಲ್ಲಿ ಜಗತ್ತಿನ ಸಿರಿವಂತ ದೇಶಗಳ ಸಾಲಿನಲ್ಲಿ ಕೂತಿತು. ಉಳಿತಾಯದ ಟ್ರಸ್ಟ್ ಇರಲಿಲ್ಲವೆಂದಲ್ಲ, ಇತ್ತು. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ‘ನೌರು ಹೌಸ್’ ಕಟ್ಟಿದ್ದೂ ಆ ಸಿರಿಯ ಕಾಲದಲ್ಲೇ. ಆದರೆ ಗಣಿಯ ಹಣಕ್ಕೆ ಒಗ್ಗಿದ ಖರ್ಚು, ಕೆಟ್ಟ ಹೂಡಿಕೆ, ಅದರ ಮೇಲೆ ಸಾಲ ಎಲ್ಲ ಸೇರಿ, ಫಾಸ್ಫೇಟ್ ಬರಿದಾಗುವ ಹೊತ್ತಿಗೆ ನಿಧಿಯೂ ಬರಿದಾಯಿತು. 2004ರಲ್ಲಿ ಸಾಲ ಕೊಟ್ಟವರ ಒತ್ತಡಕ್ಕೆ ಆ ಕಟ್ಟಡ ಮಾರಾಟವಾಯಿತು. ನಾರ್ವೆಯದು ಇನ್ನೊಂದು ದಾರಿ. ತೈಲದಿಂದ ಸರ್ಕಾರಕ್ಕೆ ಬರುವ ನಿವ್ವಳ ಹಣವೆಲ್ಲ ನಿಧಿಗೆ ಹೋಗುತ್ತದೆ. ನಿಧಿಯ ನಿಜ ಗಳಿಕೆಯ ಅಂದಾಜಿನಷ್ಟು ಮಾತ್ರ ಬಜೆಟ್ಟಿಗೆ ತೆಗೆಯಬೇಕು. ಆ ಅಂದಾಜನ್ನು 2001ರಲ್ಲಿ ಶೇ 4 ಎಂದಿಟ್ಟಿದ್ದವರು 2017ರಲ್ಲಿ ಶೇ 3ಕ್ಕೆ ಇಳಿಸಿದರು.

ನಮ್ಮ ನೆರೆಯಲ್ಲೇ ಗೋವಾ ಇದೆ. ಅಲ್ಲಿನ ಕಬ್ಬಿಣದ ಅದಿರಿನ ಮಾರಾಟದ ಹಣದಲ್ಲಿ ಶೇ 10ನ್ನು ಶಾಶ್ವತ ನಿಧಿಯೊಂದಕ್ಕೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 21ರಂದು ಆದೇಶಿಸಿತು. ಕರ್ನಾಟಕದಲ್ಲಿ ನ್ಯಾಯಾಲಯ ಹಿಡಿದದ್ದು ಬೇರೆ ಹಗ್ಗ. ವರ್ಷಕ್ಕೆ ಇಂತಿಷ್ಟೇ ಅಗೆಯಬೇಕೆಂಬ ಮಿತಿ. 2022ರಲ್ಲಿ ಅದನ್ನು ಬಳ್ಳಾರಿಗೆ ಮೂರೂವರೆ ಕೋಟಿ ಟನ್ನಿಗೆ, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟು ಒಂದೂವರೆ ಕೋಟಿ ಟನ್ನಿಗೆ ಏರಿಸಲಾಯಿತು. ಇದು ಹರಿವಿಗೆ ಹಾಕಿದ ತೂಬು. ಅದಿರು ಹೆಚ್ಚು ವರ್ಷ ಬಾಳಿಕೆ ಬರಬಹುದು, ಆದರೆ ಮಾರಿದ ಅದಿರಿನ ಹಣ ಇನ್ನೊಂದು ಆಸ್ತಿಯಾಗಿ ನಿಲ್ಲುತ್ತದೋ ಸಂಬಳದಲ್ಲಿ ಕರಗುತ್ತದೋ ಎಂಬುದನ್ನು ಅದು ಕೇಳುವುದಿಲ್ಲ.

ಎಲ್ಲವನ್ನೂ ನಿಧಿಗೇ ಸುರಿಯಬೇಕೆಂದು ನನ್ನ ವಾದವಲ್ಲ. ಕುಡಿಯುವ ನೀರಿಲ್ಲದ, ಆಸ್ಪತ್ರೆಯಿಲ್ಲದ ತಾಲ್ಲೂಕಿನಲ್ಲಿ ಶೇ 3ರ ಗಳಿಕೆಗಾಗಿ ಹಣ ಕೂಡಿಡುವುದಕ್ಕಿಂತ ಕೊಳವೆಮಾರ್ಗ ಹಾಕುವುದೇ ಮೇಲು. ಅದೂ ಒಂದು ದಾಸ್ತಾನನ್ನು ಇನ್ನೊಂದಾಗಿ ಬದಲಿಸಿದಂತೆಯೇ. ಶಾಲೆಯ ಮೇಷ್ಟ್ರ ಸಂಬಳವನ್ನು ಲೆಕ್ಕಪುಸ್ತಕ ನಿತ್ಯದ ಖರ್ಚೆನ್ನುತ್ತದೆ, ಆದರೆ ಅದರಿಂದ ಬೆಳೆಯುವ ಮಗುವಿನ ಕಲಿಕೆ ಆಸ್ತಿಯಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಚೊಕ್ಕ ಉತ್ತರವಿಲ್ಲ.

ಇನ್ನೊಂದು ತೊಡಕು, ಆ ‘20 ವರ್ಷ’ ಎಂಬುದು ಎಲ್ಲಿಂದ ಬಂತು ಎನ್ನುವುದು. ನಿಕ್ಷೇಪದ ಲೆಕ್ಕ ನೆಲದೊಳಗಿನ ಕಲ್ಲಿನಷ್ಟು ಗಟ್ಟಿಯಲ್ಲ. ಕಬ್ಬಿಣದ ಅಂಶ ಶೇ 55 ಇದ್ದರಷ್ಟೇ ಹೆಮಟೈಟನ್ನು ಅದಿರೆಂದು ಎಣಿಸುತ್ತಿದ್ದ ಕಾಲವಿತ್ತು. ಭಾರತೀಯ ಗಣಿ ಬ್ಯೂರೋ ಆ ಗಡಿಯನ್ನು ಶೇ 45ಕ್ಕೆ ಇಳಿಸಿದಾಗ, ಒಂದು ಹಿಡಿ ಹೊಸ ಮಣ್ಣು ಸಿಗದೆಯೇ ಎಣಿಕೆಗೆ ಬರುವ ಅದಿರು ಹೆಚ್ಚಿತು. ಹಾಗಾಗಿ ನಿಧಿಗೆ ಎತ್ತಿಡುವ ಪಾಲನ್ನು ಒಮ್ಮೆ ಗೊತ್ತುಮಾಡಿ ಬಿಡಲಾಗುವುದಿಲ್ಲ, ನಿಕ್ಷೇಪದ ಹೊಸ ಅಂದಾಜು ಬಂದಂತೆಲ್ಲ ತಿದ್ದುತ್ತಿರಬೇಕು. ಬ್ಯೂರೋದ ರಾಷ್ಟ್ರೀಯ ಖನಿಜ ದಾಸ್ತಾನು ಪಟ್ಟಿ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ರಾಯಲ್ಟಿಯ ಅಂಕಿ ಪ್ರತಿ ಬಜೆಟ್ಟಿನಲ್ಲೂ ಬರುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಲು ಹೊಸ ಕಾನೂನೇನೂ ಬೇಕಿಲ್ಲ.